ನಿಮ್ಮ ಮನೆ ಯಾವ ದೇಶದಲ್ಲಿದೆ?



1947ರ ದೇಶ ವಿಭಜನೆಯ ಬಗ್ಗೆ ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಒಂದು ದೇಶ ಎರಡಾಯಿತು, ಜನ ಅತ್ತಿಂದಿತ್ತ ಹೋದರು ಎಂದು ಎರಡು ಸಾಲಿನಲ್ಲಿ ಪಾಠ ಮುಗಿದುಬಿಡುತ್ತದೆ. ಆದರೆ ಗಡಿ ಬದಲಾದ ಮಾತ್ರಕ್ಕೆ ಜನ ತಲೆಮಾರುಗಳಿಂದ ಬಾಳಿದ ಮನೆಯನ್ನು ಬಿಟ್ಟು ಹೋಗಬೇಕಾದುದೇಕೆ? ಇದನ್ನು ತಿಳಿಯಲು ಪಂಜಾಬಿನ ಗುರುದಾಸ್‌ಪುರ ಎಂಬ ಒಂದು ಜಿಲ್ಲೆಯನ್ನು ನೋಡಿದರೆ ಸಾಕು.

1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುವುದಾಗಿ ಬ್ರಿಟಿಷ್ ಸರಕಾರ ಮೊದಲು ಹೇಳಿತ್ತು. ಆದರೆ 1947ರ ಜೂನ್ 3ರಂದು ವಿಭಜನೆಯ ಯೋಜನೆ ಪ್ರಕಟವಾದ ಮೇಲೆ ಆ ದಿನವನ್ನು ಆಗಸ್ಟ್ 15ಕ್ಕೆ ತರಲಾಯಿತು. ಪಂಜಾಬ್ ಮತ್ತು ಬಂಗಾಳದಲ್ಲಿ ಗಡಿ ಗುರುತಿಸುವ ಹೊಣೆ ಸಿರಿಲ್ ರ‍್ಯಾಡ್‌ಕ್ಲಿಫ್ ಎಂಬ ವಕೀಲರ ಮೇಲೆ ಬಿತ್ತು. ಅವರು ಜುಲೈ 8ರಂದು ಭಾರತಕ್ಕೆ ಬಂದರು. ಅದಕ್ಕೆ ಮೊದಲು ಅವರು ಈ ನೆಲವನ್ನು ಕಂಡವರೇ ಅಲ್ಲ. ಅವರ ಕೈಯಲ್ಲಿದ್ದುದು ಐದು ವಾರ ಮತ್ತು 1941ರ ಜನಗಣತಿ. ಮುಸ್ಲಿಮರು ಹೆಚ್ಚಿರುವ ಮತ್ತು ಮುಸ್ಲಿಮೇತರರು ಹೆಚ್ಚಿರುವ ಪ್ರದೇಶಗಳನ್ನು ಬೇರ್ಪಡಿಸಬೇಕು, ಇತರ ಅಂಶಗಳನ್ನೂ ಗಮನಿಸಬೇಕು ಎಂಬುದೇ ಅವರಿಗೆ ಕೊಟ್ಟ ಸೂಚನೆ.

ಗುರುದಾಸ್‌ಪುರ ಜಿಲ್ಲೆಯಲ್ಲಿ ಮುಸ್ಲಿಮರ ಸಂಖ್ಯೆ ಅರ್ಧಕ್ಕಿಂತ ತುಸುವೇ ಹೆಚ್ಚು. ಆದ್ದರಿಂದ ತಾತ್ಕಾಲಿಕ ವಿಂಗಡಣೆಯಲ್ಲಿ ಅದನ್ನು ಪಾಕಿಸ್ತಾನದ ಪಾಲಿಗೆ ಸೇರಿಸಲಾಗಿತ್ತು. ಅಂತಿಮ ತೀರ್ಪು ಸ್ವಾತಂತ್ರ್ಯದ ಮುನ್ನವೇ ಸಿದ್ಧವಾಗಿದ್ದರೂ ಅದನ್ನು ಪ್ರಕಟಿಸಿದ್ದು ಆಗಸ್ಟ್ 17ರಂದು. ಅಂದು ಜಿಲ್ಲೆಯ ನಾಲ್ಕು ತಹಸೀಲುಗಳಲ್ಲಿ ಗುರುದಾಸ್‌ಪುರ, ಬಟಾಲಾ ಮತ್ತು ಪಠಾಣ್‌ಕೋಟ್ ಭಾರತಕ್ಕೆ ಸೇರಿದವು. ಶಕರ್‌ಗಢ ಮಾತ್ರ ಪಾಕಿಸ್ತಾನಕ್ಕೆ ಉಳಿಯಿತು. ಈ ತೀರ್ಮಾನದ ಕಾರಣಗಳ ಬಗ್ಗೆ ಇಂದಿಗೂ ಚರ್ಚೆ ನಡೆಯುತ್ತಿದೆ. ಯೋಚಿಸಿ ನೋಡಿ, ಎರಡು ದೇಶಗಳು ಹುಟ್ಟಿದ ದಿನ ಬಟಾಲಾದ ಗೃಹಿಣಿಗೆ ತನ್ನ ಅಡುಗೆಮನೆ ಯಾವ ದೇಶದಲ್ಲಿದೆ ಎಂಬುದೇ ಖಚಿತವಾಗಿ ತಿಳಿದಿರಲಿಲ್ಲ!

ಗಡಿಯ ಎರಡೂ ಬದಿಯ ಅಲ್ಪಸಂಖ್ಯಾತರು ಇದ್ದಲ್ಲೇ ಇರುತ್ತಾರೆಂದು ನಾಯಕರು ನಂಬಿದ್ದರು. ಹಾಗಾಗಿ ಜನರನ್ನು ಸಾಗಿಸುವ ಯಾವ ಏರ್ಪಾಡೂ ಇರಲಿಲ್ಲ. ಆದರೆ ಮಾರ್ಚ್‌ನಲ್ಲೇ ರಾವಲ್ಪಿಂಡಿ ಕಡೆ ಗಲಭೆಯಾಗಿ ಹಿಂದೂ, ಸಿಖ್ ಕುಟುಂಬಗಳು ಪೂರ್ವದತ್ತ ಹೊರಟಿದ್ದವು. ಆಗಸ್ಟ್‌ನಲ್ಲಿ ಪೂರ್ವ ಪಂಜಾಬಿನ ಮುಸ್ಲಿಮರ ಮೇಲೂ ದಾಳಿಗಳು ಹೆಚ್ಚಿದವು. ಅದೇ ಹೊತ್ತಿಗೆ ಸೈನ್ಯ, ಪೊಲೀಸ್, ಕಚೇರಿ ಎಲ್ಲವೂ ಎರಡು ಪಾಲಾಗುತ್ತಿದ್ದವು. ಜನರನ್ನು ಕಾಯಬೇಕಾದ ಅಧಿಕಾರಿಯೇ ತನ್ನ ಮನೆಯವರನ್ನು ಕರೆದುಕೊಂಡು ಗಡಿ ದಾಟುತ್ತಿದ್ದ. ಪಂಜಾಬಿನ ಶಾಂತಿಗಾಗಿ ರಚಿಸಿದ್ದ ವಿಶೇಷ ಗಡಿ ಪಡೆಯನ್ನೂ ಒಂದೇ ತಿಂಗಳಲ್ಲಿ ವಿಸರ್ಜಿಸಲಾಯಿತು.

ಮುಂದೆ ಒಂದು ವಲಸೆ ಇನ್ನೊಂದಕ್ಕೆ ಕಾರಣವಾಯಿತು. ಎಲ್ಲವನ್ನೂ ಕಳೆದುಕೊಂಡು ಬಂದವರ ಮಾತು ಕೇಳಿ ಇಲ್ಲಿಯವರಲ್ಲಿ ಕೋಪ, ಭಯ ಎರಡೂ ಬೆಳೆದವು. ಬಂದವರಿಗೆ ತಲೆಯ ಮೇಲೊಂದು ಸೂರು ಬೇಕಿತ್ತು. ಹೋದವರ ಮನೆಗಳು ಅವರಿಗೆ ದೊರೆತವು. ಕೆಲವು ದಿನಗಳಲ್ಲಿ ಮರಳಿ ಬರುತ್ತೇವೆಂದು ಬಾಗಿಲಿಗೆ ಬೀಗ ಹಾಕಿ ಹೋದವರಿಗೆ ಮರಳಲು ಮನೆಯೇ ಉಳಿಯಲಿಲ್ಲ. ಗಡಿಯ ಎರಡೂ ಕಡೆ ನಡೆದದ್ದು ಇದೇ. ಬಂಗಾಳದಲ್ಲಿ ಮಾತ್ರ ವಲಸೆ ಒಮ್ಮೆಲೇ ಆಗದೆ ವರ್ಷಗಟ್ಟಲೆ ನಡೆಯಿತು. ಒಟ್ಟಿನಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಸತ್ತವರ ಸಂಖ್ಯೆಯನ್ನು 2 ಲಕ್ಷದಿಂದ 10 ಲಕ್ಷ ಮತ್ತು ಅದಕ್ಕೂ ಹೆಚ್ಚು ಎಂದು ಬೇರೆ ಬೇರೆಯಾಗಿ ಅಂದಾಜಿಸಲಾಗಿದೆ.

ಈ ಅವಾಂತರದಲ್ಲಿ ಅತಿ ಹೆಚ್ಚು ಬೆಲೆ ತೆತ್ತವರು ಹೆಣ್ಣುಮಕ್ಕಳು. ಎಲ್ಲ ಸಮುದಾಯಗಳ ಸಾವಿರಾರು ಹೆಣ್ಣುಮಕ್ಕಳ ಅಪಹರಣವಾಯಿತು. ಅವರನ್ನು ಹುಡುಕಿ ಒಪ್ಪಿಸಲು 1947ರ ಡಿಸೆಂಬರ್‌ನಲ್ಲಿ ಎರಡೂ ಸರಕಾರಗಳು ಒಪ್ಪಂದ ಮಾಡಿಕೊಂಡವು. ಭಾರತದಲ್ಲಿ 1949ರಲ್ಲಿ ಕಾನೂನೂ ಬಂತು. ಅನೇಕರು ತಮ್ಮವರನ್ನು ಸೇರಿದರು. ಆದರೆ ಈ ಕಾನೂನಿನಲ್ಲಿ ಹೆಣ್ಣಿನ ಇಚ್ಛೆಗೆ ಬೆಲೆಯಿರಲಿಲ್ಲ. ಹೋಗಲಾರೆ ಎಂದವಳನ್ನೂ ಕಳುಹಿಸಬಹುದಿತ್ತು. ಈ ನಡುವೆ ಹೊಸ ಸಂಸಾರದಲ್ಲಿ ಮಗು ಹೆತ್ತಿದ್ದವಳ ಸಂಕಟವನ್ನು ನೀವೇ ಊಹಿಸಿಕೊಳ್ಳಿ. ಇತ್ತ ಕೆಲವು ಕುಟುಂಬಗಳು ಮರಳಿ ಬಂದ ಮಗಳನ್ನು ಒಳಗೆ ಕರೆಯಲು ಹಿಂಜರಿದವು.

ಅನೀಸ್ ಕಿದ್ವಾಯಿಯವರ ಪತಿ 1947ರ ಅಕ್ಟೋಬರ್‌ನಲ್ಲಿ ಮಸ್ಸೂರಿಯಲ್ಲಿ ಕೊಲೆಯಾದರು. ಆ ದುಃಖ ಹೊತ್ತು ದಿಲ್ಲಿಗೆ ಬಂದ ಅವರು ಗಾಂಧೀಜಿಯ ಮಾತಿನಂತೆ ನಿರಾಶ್ರಿತರ ಸೇವೆಗೆ ನಿಂತರು. ಆಗ ಹುಮಾಯೂನ್ ಸಮಾಧಿ ಮತ್ತು ಪುರಾನಾ ಕಿಲಾದಲ್ಲಿ ಮುಸ್ಲಿಮ್ ಕುಟುಂಬಗಳು ಆಶ್ರಯ ಪಡೆದಿದ್ದವು. ಹಿಂದೂ, ಸಿಖ್ ನಿರಾಶ್ರಿತರು ಕುರುಕ್ಷೇತ್ರದ ಶಿಬಿರದಲ್ಲಿದ್ದರು. ಲಾಹೋರಿನ ವಾಲ್ಟನ್‌ನಲ್ಲಿ ಇತ್ತ ಕಡೆಯಿಂದ ಹೋದ ಮುಸ್ಲಿಮರಿದ್ದರು. ಹೆಸರು ಯಾವುದಾದರೂ, ಆ ಶಿಬಿರಗಳ ತಾಯಂದಿರು ಹುಡುಕುತ್ತಿದ್ದುದು ಒಂದನ್ನೇ: ದಾರಿಯಲ್ಲಿ ಕೈತಪ್ಪಿಹೋದ ತಮ್ಮವರನ್ನು.