ಓಡುವ ಗುಂಡಿಗೆ ಅಂಟಿಸಿದ ಅಕ್ಷರ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಏಳನೇ ತರಗತಿಯ ಸರಳ ಲೋಲಕದ ಪಾಠವೊಂದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ಪ್ರಶಿಕ್ಷಣಾರ್ಥಿ ತಾವೇ ಮೊಬೈಲಿನಲ್ಲಿ ಚಿತ್ರೀಕರಿಸಿ ಸಂಕಲನ ಮಾಡಿದ ವಿಡಿಯೊ ತೋರಿಸಿದರು. ಒಂದೇ ಅಡ್ಡಕಡ್ಡಿಗೆ ಎರಡು ಗುಂಡುಗಳು. ಒಂದರ ದಾರ 1 ಮೀಟರ್, ಇನ್ನೊಂದರದು 25 ಸೆಂಟಿಮೀಟರ್. ಪ್ರತಿ ಗುಂಡಿನ ಪಕ್ಕದಲ್ಲೂ ಒಂದು ಬರಹ ಅಂಟಿಕೊಂಡು ಅದರ ಜೊತೆಯೇ ತೂಗುತ್ತಿತ್ತು: ‘ಉದ್ದ 1 ಮೀಟರ್, ಒಂದು ಆಂದೋಲನಕ್ಕೆ 2 ಸೆಕೆಂಡ್’. ನಾನು ವೀಕ್ಷಣಾ ಪಟ್ಟಿಯ ‘ತಂತ್ರಜ್ಞಾನದ ಬಳಕೆ’ ಎಂಬಲ್ಲಿ ಪೂರ್ಣ ಅಂಕ ಬರೆದೆ. ಬೆಲ್ ಆದ ಮೇಲೆ ಮುಂದಿನ ಸಾಲಿನ ಹುಡುಗಿಯನ್ನು, ಯಾವುದು ಬೇಗ ತೂಗಿತು, ಎಷ್ಟು ಸೆಕೆಂಡ್ ಹಿಡಿಯಿತು ಎಂದು ಕೇಳಿದೆ. “ಅಕ್ಷರ ಓಡ್ತಾನೇ ಇತ್ತು ಮಿಸ್, ಓದೋಕೆ ಆಗ್ಲಿಲ್ಲ” ಅಂದಳು.

ಕೊಟ್ಟ ಅಂಕವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಆ ಅಂಕ ತಪ್ಪಾಗಿತ್ತು ಎಂದು ಈಗ ಬರೆಯುತ್ತಿದ್ದೇನೆ. ಚಲಿಸುವ ವಸ್ತುವಿಗೆ ಗುರುತನ್ನು ಕಟ್ಟಬೇಕೇ ಹೊರತು ವಾಕ್ಯವನ್ನಲ್ಲ. ಅರ್ಥವಾಗಬೇಕಾದರೆ ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿರುವುದು ಕೆಡೆನ್‌ಲೈವ್ ಎಂಬ ಉಚಿತ ಸಂಕಲನ ತಂತ್ರಾಂಶ. ಅದರಲ್ಲಿ ವಿಡಿಯೊ ತುಣುಕಿಗೆ Motion Tracker ಹಾಕಿ, ಮೊದಲ ಚೌಕಟ್ಟಿನಲ್ಲಿ ಗುಂಡಿನ ಸುತ್ತ ಒಂದು ಆಯತ ಎಳೆದು ವಿಶ್ಲೇಷಿಸಲು ಹೇಳಿದರೆ, ತಂತ್ರಾಂಶ ಮುಂದಿನ ಚೌಕಟ್ಟುಗಳಲ್ಲಿ ಅದೇ ರೂಪದ ತುಣುಕನ್ನು ಹುಡುಕುತ್ತಾ ಹೋಗಿ ಸ್ಥಾನಗಳ ಪಟ್ಟಿ ಮಾಡುತ್ತದೆ. ಆ ಪಟ್ಟಿಯನ್ನು ನಕಲಿಸಿ, ಬರಹದ ತುಣುಕಿಗೆ ಹಾಕಿದ Transform ಒಳಗೆ ತಂದರೆ ಬರಹ ಗುಂಡಿನ ಹಿಂದೆ ಹೋಗುತ್ತದೆ. ತಂತ್ರಾಂಶಕ್ಕೆ ಗುಂಡು ಎಂದರೇನು ಎಂಬುದು ಗೊತ್ತಿಲ್ಲ. ಅದು ನೋಡುವುದು ಬಣ್ಣ ಮತ್ತು ಅಂಚನ್ನು ಮಾತ್ರ. ಅದಕ್ಕೇ ಬೂದು ಗೋಡೆಯ ಮುಂದೆ ಬೂದು ಕಬ್ಬಿಣದ ಗುಂಡು ತೂಗಿದರೆ ಎರಡನೇ ತೂಗಾಟದಲ್ಲೇ ಬರಹ ಗೋಡೆಗೆ ಅಂಟಿ ನಿಂತುಬಿಡುತ್ತದೆ. ಗುಂಡಿಗೆ ಒಂದು ಸುತ್ತು ಕೆಂಪು ಟೇಪ್ ಸುತ್ತಿದರೆ ಅರ್ಧ ತೊಂದರೆ ಅಲ್ಲೇ ಕಳೆಯಿತು.

ಉಳಿದ ಅರ್ಧ ಕಡಿಮೆ ಬೆಳಕಿನದು. 1 ಮೀಟರ್ ಲೋಲಕವನ್ನು 20 ಸೆಂಟಿಮೀಟರ್ ಪಕ್ಕಕ್ಕೆ ಎಳೆದು ಬಿಟ್ಟರೆ, ಅತಿ ಕೆಳಗಿನ ಬಿಂದುವಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 63 ಸೆಂಟಿಮೀಟರ್. ಮಬ್ಬಾದ ಕೋಣೆಯಲ್ಲಿ ಮೊಬೈಲ್ ಕ್ಯಾಮೆರಾ ಪ್ರತಿ ಚೌಕಟ್ಟಿಗೂ ಸೆಕೆಂಡಿನ 50ನೇ ಒಂದು ಭಾಗದಷ್ಟು ಹೊತ್ತು ಬೆಳಕು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಗುಂಡು ಒಂದೂಕಾಲು ಸೆಂಟಿಮೀಟರ್ ಸರಿದಿರುತ್ತದೆ. ಎರಡೂವರೆ ಸೆಂಟಿಮೀಟರ್ ಗುಂಡಿಗೆ ಅದು ಅರ್ಧ ಮೈ. ದುಂಡಗಿರಬೇಕಾದದ್ದು ಉದ್ದನೆಯ ಮಸಿಯಂತೆ ಕಾಣುತ್ತದೆ, ಹುಡುಕುವ ಆಯತ ಅಲ್ಲೇ ಜಾರುತ್ತದೆ. ಬರಹ ಎರಡೂ ತುದಿಗಳಲ್ಲಿ ಸರಿಯಾಗಿದ್ದು ನಡುವೆ ಮಾತ್ರ ತಪ್ಪುತ್ತಿದ್ದರೆ ಕಾರಣ ಇದೇ. ತಂತ್ರಾಂಶದ ಗುಂಡಿಗಳನ್ನು ಒತ್ತಿ ಇದನ್ನು ಸರಿಪಡಿಸಲು ಹೋಗಬೇಡಿ. ಲೋಲಕವನ್ನು ಕಿಟಕಿಯ ಬಳಿಗೆ ತನ್ನಿ, ಮತ್ತೆ ಚಿತ್ರೀಕರಿಸಿ.

ಇನ್ನೊಂದು ತಪ್ಪು ಮೇಲಿನದಕ್ಕಿಂತ ಸಣ್ಣದು, ಆದರೆ ಪ್ರತಿ ತಂಡದಲ್ಲೂ ಕಾಣುತ್ತೇನೆ. ಬರಹದ ತುಣುಕು ವಿಡಿಯೊ ತುಣುಕಿನ ಜೊತೆ ಒಂದೇ ಚೌಕಟ್ಟಿನಲ್ಲಿ ಆರಂಭವಾಗಬೇಕು. ಐದು ಚೌಕಟ್ಟು ತಡವಾದರೆ, ಸೆಕೆಂಡಿಗೆ 25 ಚೌಕಟ್ಟಿನ ವಿಡಿಯೊದಲ್ಲಿ ಅದು ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರಲ್ಲಿ ಗುಂಡು ನಡುವಿನಲ್ಲಿ 12 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಮಕ್ಕಳಿಗೆ ಬರಹವೇ ಮೂರನೇ ಲೋಲಕದಂತೆ ಕಾಣುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಆ ಹುಡುಗಿಗೆ ಓದಲಾಗುವುದಿಲ್ಲ. ಓದಬೇಕಾದರೆ ಕಣ್ಣು ಪದದಿಂದ ಪದಕ್ಕೆ ನಿಂತು ನಿಂತು ಹೋಗಬೇಕು. ಸೆಕೆಂಡಿಗೊಮ್ಮೆ ದಿಕ್ಕು ಬದಲಿಸುವ ಸಾಲಿನ ಮೇಲೆ ಅದು ಸಾಧ್ಯವಿಲ್ಲ. ಗಿಡ್ಡ ಲೋಲಕದ ಬರಹವಂತೂ ಅರ್ಧ ಸೆಕೆಂಡಿಗೊಮ್ಮೆ ತಿರುಗುತ್ತಿತ್ತು. ಆ ಪ್ರಶಿಕ್ಷಣಾರ್ಥಿಯ ಜೊತೆ ಕುಳಿತು ವಿಡಿಯೊವನ್ನು ತಿದ್ದಿದೆವು. ಗುಂಡುಗಳ ಮೇಲೆ ‘ಅ’, ‘ಬ’ ಎಂಬ ಒಂದೊಂದೇ ಅಕ್ಷರ ಉಳಿಸಿದೆವು. ಉದ್ದ, ಕಾಲದ ವಿವರವನ್ನು ಪರದೆಯ ಬಲಬದಿಯಲ್ಲಿ ಅಲುಗದಂತೆ ನಿಲ್ಲಿಸಿದೆವು. ಕಾಲವನ್ನು ಮಾತ್ರ ಹತ್ತು ಆಂದೋಲನ ಎಣಿಸಿ ಆದ ಮೇಲೆ ಬರುವಂತೆ ಇಟ್ಟೆವು. ಮೊದಲ ವಿಡಿಯೊದಲ್ಲಿ ಉತ್ತರ ಗುಂಡಿಗೇ ನೇತಾಡುತ್ತಿದ್ದುದರಿಂದ ಎಣಿಸುವ ಕೆಲಸವೇ ಇರಲಿಲ್ಲವಲ್ಲ!

ನನ್ನ ಸಹೋದ್ಯೋಗಿಯೊಬ್ಬರು, “ಗುಂಡಿಗೆ ಕಾಗದದ ಚೀಟಿ ಅಂಟಿಸಿದರೆ ಸಾಲದೇ?” ಎಂದರು. ಒಳ್ಳೆಯ ಪ್ರಶ್ನೆ. ಒಂಟಿ ದಾರದ ಗುಂಡು ತೂಗುತ್ತಾ ತನ್ನ ಸುತ್ತಲೂ ತಿರುಗುತ್ತದೆ, ಚೀಟಿ ಹಿಂದಕ್ಕೆ ಹೋಗುತ್ತದೆ. ಹಾಗಾಗದಿದ್ದರೆ ಚೀಟಿಯೇ ಸಾಕು ಎಂದು ನಾನೂ ಹೇಳುತ್ತಿದ್ದೆ.

ಅದೇ ಪಾಠದ ಇನ್ನೊಂದು ತುಣುಕಿನ ಬಗ್ಗೆಯೂ ಹೇಳಬೇಕು. 12 ಸೆಕೆಂಡಿನ ಆ ದೃಶ್ಯದಲ್ಲಿ ಪ್ರಶಿಕ್ಷಣಾರ್ಥಿ ಗುಂಡನ್ನು ಎಳೆದು ಹಿಡಿದು ಬಿಡುತ್ತಾರೆ. ‘ಸರಳ ಲೋಲಕ’ ಎಂಬ ದೊಡ್ಡ ಶೀರ್ಷಿಕೆ ಅವರ ಬೆನ್ನ ಹಿಂದೆ ನಿಂತಂತೆ ಕಾಣುತ್ತದೆ. ಇದಕ್ಕೆ ಮೂರು ಪದರ ಬೇಕು. ಕೆಳಗೆ ಮೂಲ ವಿಡಿಯೊ, ನಡುವೆ ಶೀರ್ಷಿಕೆ, ಮೇಲೆ ಅದೇ ವಿಡಿಯೊದ ಇನ್ನೊಂದು ಪ್ರತಿ. ಆ ಮೇಲಿನ ಪ್ರತಿಯಲ್ಲಿ ಹಿನ್ನೆಲೆಯನ್ನು ಮರೆಮಾಡಿ ವ್ಯಕ್ತಿಯನ್ನಷ್ಟೇ ಉಳಿಸಬೇಕು. ಅದಕ್ಕೆ Rotoscoping ಬಳಸಿ ಮೈಯ ಸುತ್ತ ಬಿಂದುಗಳನ್ನಿಟ್ಟು ಗೆರೆ ಎಳೆಯಬೇಕು, ಮೈ ಅಲುಗಿದಂತೆ ಕೆಲವು ಚೌಕಟ್ಟಿಗೊಮ್ಮೆ ಗೆರೆಯನ್ನು ತಿದ್ದಬೇಕು. 12 ಸೆಕೆಂಡ್ ಎಂದರೆ 300 ಚೌಕಟ್ಟು. ಆಕೆ ತಲೆಯಿಂದ ಸೊಂಟದವರೆಗೆ ಇಡೀ ಮೈಗೆ ಗೆರೆ ಎಳೆದಿದ್ದರು, ಎರಡು ರಾತ್ರಿ ಹಿಡಿಯಿತಂತೆ. ಆದರೂ ಕೈ ಬೇಗ ಸರಿದ ಕಡೆ ಗೆರೆ ಹಿಂದುಳಿದು, ಬೆರಳು ಶೀರ್ಷಿಕೆಯ ಅಡಿಗೆ ಹೋಗಿತ್ತು. ದಾರವಂತೂ ಗೆರೆಯ ಹೊರಗೇ ಉಳಿದು ಅಕ್ಷರಗಳ ಹಿಂದೆ ಮಾಯವಾಗಿತ್ತು. ಬೆರಳು ಗುಂಡನ್ನು ತಳ್ಳದೆ ಸುಮ್ಮನೆ ಬಿಡಬೇಕು ಎಂಬುದೇ ಆ ದೃಶ್ಯ ಕಲಿಸಬೇಕಾದ ಸಂಗತಿ. ಅದೇ ಕಾಣಲಿಲ್ಲ.

ನಾನು ಕೇಳಿದ್ದರೆ ಎರಡು ರಾತ್ರಿ ಉಳಿಯುತ್ತಿತ್ತು. ಮೇಲಿನ ಮತ್ತು ಕೆಳಗಿನ ಪ್ರತಿಗಳು ಒಂದೇ ಆಗಿರುವುದರಿಂದ, ಶೀರ್ಷಿಕೆ ಇಲ್ಲದ ಜಾಗದಲ್ಲಿ ಗೆರೆ ಎಷ್ಟು ಒರಟಾಗಿದ್ದರೂ ಗೊತ್ತಾಗುವುದಿಲ್ಲ. ಶೀರ್ಷಿಕೆಯನ್ನು ಭುಜದ ಹಿಂದೆ ಮಾತ್ರ ಬರುವಂತೆ ಇಟ್ಟರೆ, ಅಕ್ಷರ ಮತ್ತು ಭುಜ ಸೇರುವ ಒಂದು ಅಂಚನ್ನಷ್ಟೇ ಜಾಗ್ರತೆಯಿಂದ ಎಳೆದರೆ ಸಾಕು. ಭುಜ ಹೆಚ್ಚು ಅಲುಗುವುದೂ ಇಲ್ಲ. ಅಂಚನ್ನು ತುಸು ಮೃದು ಮಾಡಬೇಕು; ಮಾಡದಿದ್ದರೆ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ, ಅತಿಯಾದರೆ ಭುಜದೊಳಗೆ ಅಕ್ಷರ ಇಣುಕುತ್ತದೆ. ಎರಡು ಪ್ರತಿಗಳಲ್ಲಿ ಒಂದರ ಬಣ್ಣ ಬದಲಿಸಿದರೆ ಅಥವಾ ಒಂದು ಚೌಕಟ್ಟು ಜರುಗಿಸಿದರೆ ಈ ಉಪಾಯ ನಡೆಯುವುದಿಲ್ಲ. ಕೂದಲು, ಸೆರಗಿನ ಜರಿ, ದಾರ, ಗಾಜಿನ ಬೀಕರ್, ಇವು ಅಕ್ಷರದ ಮೇಲೆ ಹಾಯುವಂತಿದ್ದರೆ ಶೀರ್ಷಿಕೆಯನ್ನೇ ಬೇರೆ ಕಡೆ ಇಡಿ.

ನನ್ನನ್ನು ಕೇಳಿದರೆ ಆ ಶೀರ್ಷಿಕೆ ಬೆನ್ನ ಹಿಂದೆ ಹೋಗುವ ಅಗತ್ಯವೇ ಇರಲಿಲ್ಲ. ಚಿತ್ರೀಕರಿಸುವಾಗ ಒಂದು ಹೆಜ್ಜೆ ಪಕ್ಕಕ್ಕೆ ನಿಂತಿದ್ದರೆ ಅದಕ್ಕೆ ಖಾಲಿ ಗೋಡೆ ಸಿಗುತ್ತಿತ್ತು. ಆದರೆ ಆಕೆ ಹಾಗೆ ಮಾಡಿದ್ದರೆ ನಮ್ಮ ವೀಕ್ಷಣಾ ಪಟ್ಟಿಯಲ್ಲಿ ಅದಕ್ಕೆ ಅಂಕವಿರಲಿಲ್ಲ. ಎರಡು ರಾತ್ರಿ ಗೆರೆ ಎಳೆದಿದ್ದಕ್ಕೆ ಇತ್ತು, ಅದನ್ನು ಕೊಟ್ಟವಳೂ ನಾನೇ. ಮುಂದಿನ ಅವಧಿಗೆ ಆ ಸಾಲನ್ನು ಬದಲಿಸಲು ವಿಭಾಗದ ಸಭೆಯಲ್ಲಿ ಕೇಳಿದ್ದೇನೆ: ವಿಡಿಯೊ ಮುಗಿದ ಮೇಲೆ ಮೇಲ್ವಿಚಾರಕರು ಮೂವರು ಮಕ್ಕಳನ್ನು, ಪರದೆಯಲ್ಲಿ ಏನು ಓದಿದಿರಿ, ಏನು ನೋಡಿದಿರಿ ಎಂದು ಕೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದು ಆಮೇಲೆ ಅಂಕ ಹಾಕಬೇಕು. ಸಭೆ ಇನ್ನೂ ಒಪ್ಪಿಲ್ಲ. ಸಮಯ ಸಾಲದು ಎನ್ನುತ್ತಾರೆ.