ಇಪ್ಪತ್ನಾಲ್ಕರ ಕುಂಟುನಡೆ: ಒಂದು ಹಳೆಯ ಸಲಹೆಯ ಸಿಂಹಾವಲೋಕನ

ಟಿ.ವಿ.ಯಲ್ಲಿ ಸಿನಿಮಾ ನೋಡುವಾಗ ಚಿತ್ರ ತಡವರಿಸುತ್ತದೆ ಎಂದು ಯಾರೇ ಕೇಳಲಿ, ಈ ಪುಟದಲ್ಲಿ ನಾನು ವರ್ಷಗಟ್ಟಲೆ ಕೊಟ್ಟುಕೊಂಡು ಬಂದ ಉತ್ತರ ಒಂದೇ ಸಾಲಿನದು: ಸಿನಿಮಾ ಮೋಡ್ ಹಾಕಿ, ಉಳಿದದ್ದನ್ನೆಲ್ಲ ಆಫ್ ಮಾಡಿ. ವರ್ಷದ ಕೊನೆಗೆ ಹಳೆಯ ಸಂಚಿಕೆಗಳನ್ನು ತಿರುವಿಹಾಕುತ್ತ ಕೂತಾಗ ಆ ಉತ್ತರ ಎಷ್ಟು ಸಲ ಅಚ್ಚಾಗಿದೆ ಎಂದು ನೋಡಿ ಸ್ವಲ್ಪ ಮುಜುಗರವೇ ಆಯಿತು. ಅದರಲ್ಲಿ ಅರ್ಧ ನಿಜ. ಇನ್ನರ್ಧವನ್ನು ಈಗ ವಾಪಸು ತೆಗೆದುಕೊಳ್ಳಬೇಕಾಗಿದೆ. ಹಾಗೆ ಮಾಡಿಸಿದ್ದು ನಮ್ಮ ಭಾವನ ಮನೆಯ 55 ಇಂಚಿನ ಹೊಸ ಟಿ.ವಿ.

ಅದಕ್ಕೆ ಮೊದಲು ಒಂದಿಷ್ಟು ಹಳೆಯ ಕಥೆ. ಸಿನಿಮಾ ಮಾತಾಡಲು ಕಲಿತ ಕಾಲದಲ್ಲಿ, ಅಂದರೆ 1920ರ ದಶಕದ ಕೊನೆಯಲ್ಲಿ, ಸೆಕೆಂಡಿಗೆ 24 ಫ್ರೇಮು ಎಂಬುದು ನಿಗದಿಯಾಯಿತು. ಧ್ವನಿ ಕೇಳುವಂತಿರಬೇಕು, ಫಿಲ್ಮಿನ ಖರ್ಚು ಕೈಮೀರಬಾರದು: ಇವೆರಡರ ನಡುವಿನ ರಾಜಿ ಅದು. ಕಣ್ಣಿಗೆ 24 ಸಾಕೆಂದು ಯಾರೂ ಪ್ರಮಾಣ ಮಾಡಿ ಹೇಳಿರಲಿಲ್ಲ. ಟಾಕೀಸಿನ ಪ್ರೊಜೆಕ್ಟರು ಮಿನುಗು ತಪ್ಪಿಸಲೆಂದು ಒಂದೊಂದು ಫ್ರೇಮನ್ನೂ ಎರಡು ಸಲ, ಕೆಲವು ಕಡೆ ಮೂರು ಸಲ, ಪರದೆಗೆ ಹಾಯಿಸುತ್ತಿತ್ತು. ಎಷ್ಟು ಸಲವಾದರೂ ಎಲ್ಲ ಫ್ರೇಮಿಗೂ ಒಂದೇ ಪಾಲು. ಅದೇ ಮುಖ್ಯ.

ಟಿ.ವಿ. ಬಂದಾಗ ನಮ್ಮ ದೇಶಕ್ಕೆ ಅರಿವಿಲ್ಲದೆಯೇ ಒಂದು ಅದೃಷ್ಟ ಒದಗಿತು. ನಮ್ಮದು 50 ಹರ್ಟ್ಸ್‌ನ ಪ್ಯಾಲ್ ಪದ್ಧತಿ, ಸೆಕೆಂಡಿಗೆ 25 ಚಿತ್ರ. ದೂರದರ್ಶನದಲ್ಲಿ ಸಿನಿಮಾ ಹಾಕುವಾಗ 24ರ ಫಿಲ್ಮನ್ನು 25ರ ವೇಗಕ್ಕೆ ಓಡಿಸಿದರೆ ಮುಗಿಯಿತು, ಒಂದೊಂದು ಫ್ರೇಮಿಗೂ ಸರಿಯಾಗಿ ಎರಡು ಪಾಲು. ಎರಡೂವರೆ ಗಂಟೆಯ ಸಿನಿಮಾ, ಜಾಹೀರಾತು ಬಿಟ್ಟು ಲೆಕ್ಕ ಹಾಕಿದರೆ, ಆರು ನಿಮಿಷ ಬೇಗ ಮುಗಿಯುತ್ತಿತ್ತು. ಹಾಡುಗಳ ಶ್ರುತಿ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿನ ಹತ್ತಿರದಷ್ಟು ಏರುತ್ತಿತ್ತು. ಭಾನುವಾರ ಸಂಜೆ ಮನೆ ತುಂಬ ಕೂತು ನೋಡಿದವರಲ್ಲಿ ಯಾರೂ ಇದನ್ನು ದೂರಿದ್ದು ನನಗಂತೂ ನೆನಪಿಲ್ಲ. ನಡೆ ಮಾತ್ರ ನೇರವಾಗಿತ್ತು.

ಅಮೆರಿಕದವರಿಗೆ ಆ ಭಾಗ್ಯವಿರಲಿಲ್ಲ. ಅವರದು 60. ಅರವತ್ತನ್ನು 24ರಿಂದ ಭಾಗಿಸಿದರೆ ಎರಡೂವರೆ, ಅರ್ಧ ಸಲ ತೋರಿಸಲು ಬರುವುದಿಲ್ಲ. ಹಾಗಾಗಿ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ, ಮತ್ತೆ ಮೂರು, ಮತ್ತೆ ಎರಡು. ತಕಿಟ ತಕ, ತಕಿಟ ತಕ. ಖಂಡ ಚಾಪನ್ನು ತಿರುಗಿಸಿ ಹಾಕಿದ ಹಾಗೆ. ತಾಳದಲ್ಲಿ ಅದು ಸೊಗಸು. ಆದರೆ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಹೊರಳುವಾಗ ಮರಗಳು ಆ ತಾಳಕ್ಕೆ ಹೆಜ್ಜೆ ಹಾಕಿದರೆ ಕುಂಟಿದಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಜಡರ್ ಎನ್ನುವುದು ಇದನ್ನೇ. ನಾನು ಕುಂಟುನಡೆ ಎನ್ನುತ್ತೇನೆ. ಸ್ಟ್ರೀಮಿಂಗ್ ಸ್ಟಿಕ್ಕುಗಳೂ ಆಂಡ್ರಾಯ್ಡ್ ಬಾಕ್ಸುಗಳೂ ನಮ್ಮ ಹಜಾರಕ್ಕೆ ಬಂದಾಗ 60ರ ಅಭ್ಯಾಸವನ್ನೂ ಜೊತೆಗೇ ಹೊತ್ತು ತಂದವು. ಅರ್ಧ ಶತಮಾನ ನಮಗಿಲ್ಲದ ಕಾಯಿಲೆಯನ್ನು ದುಡ್ಡು ಕೊಟ್ಟು ತರಿಸಿಕೊಂಡೆವು.

ಈಗ ಭಾವನ ಮನೆಗೆ ಬರೋಣ. "ಏನಯ್ಯಾ, ನೀನು ಹೇಳಿದ್ದೇ ಹಾಕಿದೀನಿ, ಸಿನಿಮಾ ಮೋಡು. ಆದ್ರೂ ತೆಂಗಿನಮರಗಳು ಮುಗ್ಗರಿಸ್ಕೊಂಡು ಹೋಗ್ತಾವಲ್ಲ" ಅಂದರು. ಹೋಗಿ ನೋಡಿದೆ. ಕೆರೆ ಏರಿಯ ಮೇಲೆ ಕ್ಯಾಮೆರಾ ಹೊರಳುವ ದೃಶ್ಯ, ಮರಗಳು ನಿಜಕ್ಕೂ ಎಡವುತ್ತಿದ್ದವು. ಅವರು ಹಾಕಿದ್ದ ಸಿನಿಮಾ ಮೋಡು ಚಿತ್ರದ ಬಣ್ಣದ್ದು. ಬಿಳುಪನ್ನು ತುಸು ಹಳದಿಗೆ ತಿರುಗಿಸಿ, ಅತಿಯಾದ ಚುರುಕನ್ನು ಇಳಿಸುವ ಮೋಡು. ಒಳ್ಳೆಯದೇ, ಇರಲಿ. ಆದರೆ ನಡಿಗೆಯನ್ನು ತಿದ್ದುವ ಸಿನಿಮಾ ಮೋಡು ಬೇರೆ. ಅದು ಒಳಗಿನ ಮೆನುವಿನಲ್ಲಿ, ಹಲವು ವೇಷದಲ್ಲಿ ಕೂತಿರುತ್ತದೆ: ಎಲ್‌ಜಿಯಲ್ಲಿ `Real Cinema`, ಸೋನಿಯ ಹಳೆಯ ಸೆಟ್ಟುಗಳಲ್ಲಿ `CineMotion`, ಸ್ಯಾಮ್‌ಸಂಗ್‌ನಲ್ಲಿ `Film Mode`. ಎರಡಕ್ಕೂ ಒಂದೇ ಹೆಸರು ಹಿಡಿದು ಬರೆದ ನನ್ನದೇ ತಪ್ಪು ಮೊದಲನೆಯದು.

ಕಣ್ಣಿನ ಮಾತನ್ನು ನಂಬದೆ ಅಳೆದುಬಿಡೋಣ ಎಂದು ಫೋನು ತೆಗೆದೆ. ಈಗಿನ ಹಲವು ಫೋನುಗಳಲ್ಲಿ ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ಇದೆ. ಫೋನನ್ನು ಪುಸ್ತಕಗಳಿಗೆ ಒರಗಿಸಿಟ್ಟು ಆ ಹೊರಳುವ ದೃಶ್ಯವನ್ನೇ ಹಿಡಿದೆವು. ಆಮೇಲೆ ಒಂದೊಂದೇ ಚಿತ್ರವಾಗಿ ಸರಿಸುತ್ತ, ಮರ ಕದಲದೆ ಎಷ್ಟು ಚಿತ್ರ ನಿಂತಿದೆ ಎಂದು ಎಣಿಸಿದೆವು. ಭಾವ ಎಣಿಸಿದರು, ನಾನು ಬರೆದುಕೊಂಡೆ: 12, 8, 12, 8. ಮೂರು ಪಾಲಿಗೆ ಹನ್ನೆರಡು, ಎರಡು ಪಾಲಿಗೆ ಎಂಟು. ಟಿ.ವಿ.ಗೆ ಹಚ್ಚಿದ್ದ ಸ್ಟಿಕ್ಕಿನಿಂದ ಬರುತ್ತಿದ್ದುದು 60ರ ಸಂಕೇತ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಫೋನು ಸಾಲುಸಾಲಾಗಿ ಚಿತ್ರ ಹಿಡಿಯುವುದರಿಂದ ಎಣಿಕೆಯಲ್ಲಿ ಒಂದು ಆಚೀಚೆ ಆದೀತು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒಳಗಿನ ಸಿನಿಮಾ ಮೋಡು ಹಾಕಿ ಮತ್ತೆ ಹಿಡಿದೆವು. 10, 10, 10. ಆ ಟಿ.ವಿ.ಯ ಪ್ಯಾನೆಲ್ಲು ಸೆಕೆಂಡಿಗೆ 120 ಸಲ ಚಿತ್ರ ಬದಲಿಸಬಲ್ಲದು. ಅದು ಬರುತ್ತಿರುವ ತಕಿಟ ತಕದ ನಡೆಯನ್ನು ಗುರುತಿಸಿತು, ಮರಳಿ ಬಂದ ಪ್ರತಿಗಳನ್ನೆಲ್ಲ ಎಸೆದು ಮೂಲದ 24ನ್ನು ಹೆಕ್ಕಿಕೊಂಡಿತು, ಒಂದೊಂದಕ್ಕೂ ಐದೈದು ಪಾಲು ಹಂಚಿತು. ಸಿನಿಮಾ ಮೋಡಿನ ನಿಜವಾದ ಕಸುಬು ಇಷ್ಟೇ, ಅದರಲ್ಲಿ ಅದು ನಿಪುಣ. ಹೊಸ ಚಿತ್ರವನ್ನೇನೂ ಅದು ಹುಟ್ಟಿಸುವುದಿಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ನನ್ನ ಹಳೆಯ ಸಲಹೆ ಬದುಕಿಕೊಳ್ಳುತ್ತಿತ್ತು. ಭಾವ ಅದೇ ಸಿನಿಮಾವನ್ನು ಡಿಟಿಎಚ್‌ನವರ ಬಾಕ್ಸಿನೊಳಗಿನ ಆ್ಯಪಿನಲ್ಲಿ ಹಾಕಿದರು. ಈ ಸಲ ಕುಂಟು ಕಡಿಮೆ, ಆದರೆ ಆಗಾಗ್ಗೆ ಯಾರೋ ಹಿಂದಿನಿಂದ ತಡೆದ ಹಾಗೆ. ಎಣಿಸಿದರೆ ಹತ್ತರ ಆಸುಪಾಸಿನ ಸಂಖ್ಯೆಗಳು ಸಾಲಾಗಿ ಬಂದು, ನಡುವೆ ಒಂದು 14. ಮತ್ತೆ ಹತ್ತರ ಸಾಲು, ಮತ್ತೊಂದು 14. ಚಾನೆಲ್ಲುಗಳಿಗೆಂದು ಬಾಕ್ಸನ್ನು 50 ಹರ್ಟ್ಸಿಗೆ ಕಟ್ಟಿಹಾಕಿದ್ದಾರೆ. ಅದರೊಳಗೆ 24ನ್ನು ತುಂಬಬೇಕಾದರೆ ಹನ್ನೊಂದು ಫ್ರೇಮಿಗೆ ಎರಡೆರಡು ಪಾಲು, ಹನ್ನೆರಡನೆಯದಕ್ಕೆ ಮೂರು. ಅರ್ಧ ಸೆಕೆಂಡಿಗೊಮ್ಮೆ ಒಂದು ಅಕ್ಷರ ಹೆಚ್ಚು ಬೀಳುವ ತಾಳ. ಸಿನಿಮಾ ಮೋಡನ್ನು ಹಾಕಿದೆವು, ತೆಗೆದೆವು, ಮತ್ತೆ ಹಾಕಿದೆವು. 14 ಕದಲಲಿಲ್ಲ. ಆ ಸೆಟ್ಟಿಗೆ ತಕಿಟ ತಕ ಗೊತ್ತು, ಈ ತಾಳ ಗೊತ್ತಿಲ್ಲ.

ಇಲ್ಲಿ ಮದ್ದು ಟಿ.ವಿ.ಯಲ್ಲಿಲ್ಲ, ಬಾಕ್ಸಿನಲ್ಲಿದೆ. ಸಿನಿಮಾ ಯಾವ ವೇಗದಲ್ಲಿದೆಯೋ ಅದೇ ವೇಗದಲ್ಲಿ ಸಂಕೇತ ಕಳಿಸು ಎಂದು ಬಾಕ್ಸಿಗೆ ಹೇಳಬೇಕು. ಆ್ಯಪಲ್ ಟಿ.ವಿ.ಯಲ್ಲಿ ಇದು `Match Frame Rate`. ಫೈರ್ ಟಿ.ವಿ. ಸ್ಟಿಕ್ಕಿನಲ್ಲಿ `Match Original Frame Rate`. ಹೊಸ ಆಂಡ್ರಾಯ್ಡ್ ಟಿ.ವಿ. ಬಾಕ್ಸುಗಳಲ್ಲಿ `Match content frame rate`. ಹಾಕಿದ ಮೇಲೆ ಸಿನಿಮಾ ಶುರುವಾಗುವಾಗ ಪರದೆ ಒಂದೆರಡು ಸೆಕೆಂಡು ಕಪ್ಪಾಗಿ ಬರುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಡಿ, ಟಿ.ವಿ. ವೇಗ ಬದಲಿಸಿಕೊಳ್ಳುತ್ತಿದೆ ಅಷ್ಟೇ. ಎಲ್ಲ ಆ್ಯಪುಗಳೂ ಈ ಮಾತನ್ನು ಕೇಳುವುದಿಲ್ಲ ಎಂಬುದೊಂದು ಕೊರತೆ. ಭಾವನ ಡಿಟಿಎಚ್ ಬಾಕ್ಸಿನಲ್ಲಂತೂ ಆ ಆಯ್ಕೆಯೇ ಇರಲಿಲ್ಲ. ಆ ಬಾಕ್ಸಿನಲ್ಲಿ ಚಾನೆಲ್ಲು ಮಾತ್ರ ನೋಡಿ, ಸಿನಿಮಾಕ್ಕೆ ಸ್ಟಿಕ್ಕು ಇಲ್ಲವೇ ಟಿ.ವಿ.ಯೊಳಗಿನ ಆ್ಯಪು ಎಂದು ತೀರ್ಮಾನವಾಯಿತು. ಅಡ್ಡಮಾತು: ಇದರ ತಿರುಗುಮುರುಗು ರೋಗವೂ ಇದೆ. 60ಕ್ಕೆ ಕಟ್ಟಿಹಾಕಿದ ಬಾಕ್ಸಿನಲ್ಲಿ ಚಾನೆಲ್ಲು ನೋಡಿದರೆ ಸುದ್ದಿಯ ಕೆಳಗೆ ಓಡುವ ಅಕ್ಷರಪಟ್ಟಿ ಉದ್ದಕ್ಕೂ ನಡುಗುತ್ತದೆ. ಅದಕ್ಕೆ ಸಿನಿಮಾ ಮೋಡನ್ನು ದೂರಿ ಫಲವಿಲ್ಲ.

ಅಕ್ಕನ ಅಡುಗೆಮನೆಯ 43 ಇಂಚಿನ ಟಿ.ವಿ.ಯಲ್ಲೂ ಸ್ಟಿಕ್ಕು ಹಚ್ಚಿ ನೋಡಿದೆವು. ಅಲ್ಲಿ ಸಿನಿಮಾ ಮೋಡು ಹಾಕಿದರೂ 12, 8. ಪ್ಯಾನೆಲ್ಲೇ 60ರದ್ದು. ಮೂಲದ 24ನ್ನು ಹೆಕ್ಕಿ ಕೊಟ್ಟರೂ ಸಮನಾಗಿ ಹಂಚಲು ಅದರಲ್ಲಿ ಜಾಗವಿಲ್ಲ. ಕೆಲವು 60ರ ಸೆಟ್ಟುಗಳು 24ರ ಸಂಕೇತವೇ ನೇರ ಬಂದರೆ ಪ್ಯಾನೆಲ್ಲನ್ನು 48ಕ್ಕೆ ಇಳಿಸಿಕೊಳ್ಳುತ್ತವೆ, ಆಗ ನಡೆ ಸರಿಹೋಗುತ್ತದೆ. ಅದು ನಿಮ್ಮ ಸೆಟ್ಟಿಗೆ ಬರುತ್ತದೋ ಇಲ್ಲವೋ ಡಬ್ಬದ ಮೇಲೆ ಬರೆದಿರುವುದಿಲ್ಲ, ಫೋನಿನಿಂದ ಎಣಿಸಿಯೇ ತಿಳಿಯಬೇಕು.

ಇನ್ನು ನನ್ನ ಎರಡನೇ ತಪ್ಪು, "ಉಳಿದದ್ದೆಲ್ಲ ಆಫ್" ಎಂದದ್ದು. 10, 10, 10 ಬಂದ ಮೇಲೂ ಭಾವ, "ಕುಂಟೋದು ಹೋಯ್ತು, ಆದ್ರೆ ಮರ ಹಾರಿ ಹಾರಿ ಬರ್ತಿದೆ" ಅಂದರು. ಅವರ ಕಣ್ಣು ಸರಿಯಾಗಿಯೇ ಇತ್ತು. ಚೌಕಟ್ಟಿನ ಒಂದು ಅಂಚಿನ ಮರ ಇನ್ನೊಂದು ಅಂಚು ಮುಟ್ಟಲು ಏಳು ಸೆಕೆಂಡಾದರೂ ಹಿಡಿಯಬೇಕು ಎಂಬುದು ಛಾಯಾಗ್ರಾಹಕರ ರೂಢಿಯ ಲೆಕ್ಕ. ಆ ದೃಶ್ಯದಲ್ಲಿ ಮೂರೇ ಸೆಕೆಂಡು. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂಟಿಮೀಟರ್, ಮೂರು ಸೆಕೆಂಡಿಗೆ 72 ಫ್ರೇಮು. ಅಂದರೆ ಒಂದೊಂದು ಸಲಕ್ಕೂ ಮರ 1.7 ಸೆಂಟಿಮೀಟರ್ ಜಿಗಿಯುತ್ತದೆ. ಇದು ಹಂಚಿಕೆಯ ದೋಷವಲ್ಲ, 24ರದೇ ಸ್ವಭಾವ. ಟಾಕೀಸಿನಲ್ಲೂ ಇದೆ. ಆದರೆ ಅಲ್ಲಿ ಪರದೆಯ ಬಿಳುಪಿಗೆ ನಿಗದಿಯಾದ ಬೆಳಕು 48 ನಿಟ್. ಹಜಾರದ ಟಿ.ವಿ. ಅದರ ಐದಾರು ಪಟ್ಟನ್ನು ಸಲೀಸಾಗಿ ಚೆಲ್ಲುತ್ತದೆ, ಬೆಳಕು ಹೆಚ್ಚಿದಷ್ಟೂ ಜಿಗಿತ ಕಣ್ಣಿಗೆ ರಾಚುತ್ತದೆ. ಭಾವನದು ಓಎಲ್ಇಡಿ. ಹಳೆಯ ಎಲ್‌ಸಿಡಿಯಲ್ಲಿ ಒಂದು ಚಿತ್ರ ಅಳಿಸುವಷ್ಟರಲ್ಲಿ ಇನ್ನೊಂದು ಅದರ ಮೇಲೆ ಕಲಸಿಕೊಂಡು ಜಿಗಿತ ಮಸುಕಾಗುತ್ತಿತ್ತು. ಓಎಲ್ಇಡಿ ಥಟ್ಟನೆ ಬದಲಿಸಿ ಥಟ್ಟನೆ ನಿಲ್ಲುತ್ತದೆ. ದುಬಾರಿ ಟಿ.ವಿ.ಯಲ್ಲೇ ಜಿಗಿತ ಹೆಚ್ಚು ಕಾಣುವುದು ಅದಕ್ಕೇ.

ಇದಕ್ಕೆ ಮದ್ದು ಎಂದರೆ ನಡುವಿನ ಚಿತ್ರಗಳನ್ನು ಟಿ.ವಿ.ಯೇ ಊಹಿಸಿ ತುಂಬುವುದು. ಅದನ್ನು ಅತಿಯಾಗಿ ಬಿಟ್ಟರೆ ಸಿನಿಮಾ ಧಾರಾವಾಹಿಯಂತೆ ನುಣುಪಾಗುತ್ತದೆ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್‌ಕ್ವಾರಿ ವಿಡಿಯೊ ಮಾಡಿ, ಇದನ್ನು ಆಫ್ ಮಾಡಿ ಎಂದು ಜನರನ್ನು ಕೇಳಿಕೊಂಡರು. ಮರುವರ್ಷ ಘೋಷಣೆಯಾದ `Filmmaker Mode` ಇದನ್ನು ಪೂರ್ತಿ ಆಫ್ ಮಾಡುತ್ತದೆ. ನಾನೂ ಅದೇ ಪಕ್ಷದವನಾಗಿದ್ದೆ. ಈಗ ಸ್ವಲ್ಪ ಸಡಿಲವಾಗಿದ್ದೇನೆ. ಬೆಳಕು ಹೆಚ್ಚಿರುವ ದೊಡ್ಡ ಓಎಲ್ಇಡಿಯಲ್ಲಿ ಈ ತುಂಬುವಿಕೆಯ ಅಳತೆಯನ್ನು ಹತ್ತರಲ್ಲಿ ಎರಡು ಮೂರಕ್ಕೆ ಇಡುವುದು ಅಪರಾಧವಲ್ಲ. ಅತಿಯಾಯಿತೇ ಎಂದು ತಿಳಿಯಲು ಓಡುವವನ ಕೈಕಾಲಿನ ಅಂಚು ನೋಡಿ. ಸುತ್ತಲಿನ ಗೋಡೆಯೂ ಕಲಕಿದ ನೀರಿನಂತೆ ಅಲುಗಿದರೆ ಒಂದಂಕ ಇಳಿಸಿ. ಇನ್ನೂ ಸುಲಭದ್ದು ಬೆಳಕನ್ನೇ ಇಳಿಸಿ ದೀಪ ಆರಿಸುವುದು.

ಭಾವ ಎರಡರಲ್ಲಿಟ್ಟು ನೋಡಿದರು, ಐದರಲ್ಲಿಟ್ಟು ನೋಡಿದರು, ಮತ್ತೆ ಎರಡಕ್ಕೆ ತಂದರು. ಕೆರೆ ಏರಿಯ ದೃಶ್ಯವನ್ನು ಅಷ್ಟು ಹೊತ್ತಿಗೆ ಹದಿನೈದು ಸಲವಾದರೂ ನೋಡಿದ್ದೆವು. ಅಕ್ಕ ಬಂದು, "ಇದೇ ನಾಲ್ಕು ತೆಂಗಿನಮರನಾ ಸಂಜೆಯಿಂದ ನೋಡ್ತಿರೋದು?" ಎಂದು ರಿಮೋಟು ಕಿತ್ತುಕೊಂಡರು.