ಬಾಡಿಗೆ ದಂಡವಂತೆ, ಬಡ್ಡಿ ಏನಂತೆ?

"ಬಾಡಿಗೆ ದಂಡ. ಅದೇ ದುಡ್ಡನ್ನ ಇಎಂಐ ಕಟ್ಟಿದ್ರೆ ಮನೆ ನಿಮ್ಮದಾಗ್ತಿತ್ತು." ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಮಾವನವರು ಹೇಳುವ ಮಾತಿದು. ಆಫೀಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕ ಹುಡುಗರೂ ಇದನ್ನೇ ಹೇಳುತ್ತಾರೆ. ನನ್ನ ತಕರಾರು 'ಅದೇ ದುಡ್ಡು' ಎಂಬುದರ ಬಗ್ಗೆ.

ಪುಣೆಯ ವಾಕಡ್‌ನಲ್ಲಿ ನಾವಿರುವ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತಿಂಗಳ ಬಾಡಿಗೆ 28,000 ರೂಪಾಯಿ. ಪಕ್ಕದ ಅಂಥದೇ ಫ್ಲ್ಯಾಟ್ ಒಂದು ಕೋಟಿಗೆ ಮಾರಾಟಕ್ಕಿದೆ. ಕೈಯಿಂದ 20 ಲಕ್ಷ, ಸ್ಟ್ಯಾಂಪ್ ಡ್ಯೂಟಿ ಮತ್ತು ನೋಂದಣಿಗೆ ಸುಮಾರು 7 ಲಕ್ಷ ಹಾಕಬೇಕು. ಉಳಿದ 80 ಲಕ್ಷವನ್ನು ಶೇ. 8.5ರ ಬಡ್ಡಿಗೆ 20 ವರ್ಷದ ಸಾಲ ತೆಗೆದರೆ ಇಎಂಐ 69,426. ಮೊದಲ ಕಂತಿನಲ್ಲಿ ಅಸಲಿಗೆ ಹೋಗುವುದು ಬರೀ 12,759. ಮಿಕ್ಕ 56,667 ಬಡ್ಡಿ. ಮನೆ ಮಾಲೀಕರಿಗೆ ಕೊಡುವ 28,000 ದಂಡವಾದರೆ, ಬ್ಯಾಂಕಿಗೆ ಕೊಡುವ ಅದರ ಎರಡರಷ್ಟು ಬಡ್ಡಿಗೆ ಏನನ್ನಬೇಕು? ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ, ತಾವೇ ವಾಸವಿರುವ ಮನೆಯ ಬಡ್ಡಿಗೆ ವಿನಾಯಿತಿಯೂ ಇಲ್ಲ.

ಸೊಸೈಟಿಯ ಮೇಂಟೆನೆನ್ಸ್ 4,000 ಸೇರಿಸಿದರೆ ತಿಂಗಳಿಗೆ ಸುಮಾರು 45,000 ವ್ಯತ್ಯಾಸ. ಆ 27 ಲಕ್ಷವನ್ನೂ ಈ ವ್ಯತ್ಯಾಸವನ್ನೂ ಇಂಡೆಕ್ಸ್ ಫಂಡಿಗೆ ಹಾಕಿದೆವು ಅನ್ನಿ. ಬಾಡಿಗೆ ವರ್ಷಕ್ಕೆ ಶೇ. 5 ಏರಲಿ, ಫಂಡು ಶೇ. 10 ಬೆಳೆಯಲಿ, ಇದು ನನ್ನ ಊಹೆ, ಯಾರ ಭರವಸೆಯೂ ಅಲ್ಲ. 20 ವರ್ಷದ ನಂತರ, ತೆರಿಗೆ ಕಳೆದು, ಸುಮಾರು 3.8 ಕೋಟಿ. ಫ್ಲ್ಯಾಟು ಇದಕ್ಕೆ ಸರಿಸಾಟಿಯಾಗಲು ಪ್ರತಿವರ್ಷ ಶೇ. 7ರಂತೆ ಬೆಲೆ ಏರುತ್ತಲೇ ಇರಬೇಕು. ನೆಲದ ಬೆಲೆ ಏರಬಹುದು. ಆದರೆ ಹನ್ನೆರಡನೇ ಮಹಡಿಯವರಿಗೆ ಅದರಲ್ಲಿ ಸಿಗುವ ಪಾಲು ಸಣ್ಣದು, ಲಿಫ್ಟು-ಪೈಪುಗಳಿಗೆ ವಯಸ್ಸಾಗುತ್ತದೆ.

ನನ್ನ ಪಕ್ಷದವರಿಗೂ ಒಂದು ಮಾತು. ನಾಲ್ಕು ವರ್ಷದ ಹಿಂದೆ ನಮ್ಮ ಸ್ಟೇಟ್‌ಮೆಂಟುಗಳನ್ನು ಹರವಿಕೊಂಡು ಕೂತಾಗ, ಆ ವ್ಯತ್ಯಾಸದಲ್ಲಿ ಅರ್ಧ ಮಾತ್ರ ಫಂಡಿಗೆ ಹೋಗಿತ್ತು. ಉಳಿದದ್ದು ಕಾರಿಗೆ, ಬಾಲಿ ಪ್ರವಾಸಕ್ಕೆ. ಹಾಗೇ ಮುಂದುವರಿದರೆ ಶೇ. 5.5ರಷ್ಟು ಬೆಳೆಯುವ ಮನೆಯೂ ನಮ್ಮನ್ನು ಸೋಲಿಸುತ್ತದೆ. ಇಎಂಐ ಬಲವಂತವಾಗಿ ಉಳಿಸುತ್ತದೆ, ಬಾಡಿಗೆ ಉಳಿಸುವುದಿಲ್ಲ. ಈಗ ಸಂಬಳ ಬಿದ್ದ ಎರಡನೇ ದಿನವೇ ಎಸ್‌ಐಪಿ ತಾನಾಗಿ ಕಡಿತವಾಗುತ್ತದೆ. ಪ್ರತಿ ಬಾರಿ ಬಾಡಿಗೆ ಕರಾರು ನವೀಕರಿಸುವಾಗ ಆ ಮೊತ್ತವನ್ನು ಹೆಂಡತಿ ಮತ್ತೆ ಲೆಕ್ಕ ಹಾಕುತ್ತಾಳೆ. ಆರು ವರ್ಷದಲ್ಲಿ ಎರಡು ಸಲ ಮನೆ ಬದಲಿಸಿದ್ದೇವೆ, ಮಗಳು ಅತ್ತಿದ್ದಾಳೆ. ಆ ಬೆಲೆ ಯಾವ ಎಕ್ಸೆಲ್ ಶೀಟಿನಲ್ಲೂ ಇಲ್ಲ.

ಆದರೂ ಸಾಲಕ್ಕೆ ಸಹಿ ಹಾಕಲು ನನ್ನ ಕೈ ಬರುವುದಿಲ್ಲ. ಬ್ಯಾಂಕು ಆ 80 ಲಕ್ಷ ಕೊಡುವುದು ನಮ್ಮಿಬ್ಬರ ಸಂಬಳ ಸೇರಿಸಿ ನೋಡಿ. ನನಗೆ 44, ಕೊನೆಯ ಕಂತಿಗೆ 64. ನಮ್ಮ ಉದ್ಯೋಗದಲ್ಲಿ ಐವತ್ತು ದಾಟಿದ ಪ್ರಾಜೆಕ್ಟ್ ಮ್ಯಾನೇಜರುಗಳನ್ನು ಬೆರಳಲ್ಲಿ ಎಣಿಸಬಹುದು. ಒಂದು ಸಂಬಳ ನಿಂತರೆ ಚಿಂಚವಾಡದಲ್ಲಿ ಇದಕ್ಕಿಂತ ಕಡಿಮೆ ಬಾಡಿಗೆಯ ಮನೆ ಹುಡುಕಬಹುದು, ಎಸ್‌ಐಪಿ ಆರು ತಿಂಗಳು ನಿಲ್ಲಿಸಬಹುದು. 69,426 ಮಾತ್ರ ಐದನೇ ತಾರೀಖಿಗೆ ಬಂದೇ ಬರುತ್ತದೆ.